ಶಟರ್ ಕೆಟ್ಟ ಕ್ಯಾಮೆರಾ, ಅಂಗಡಿಗೊಂದು ಪತ್ರ

ವಾರಂಟಿ ಮುಗಿಯುವ ಮೊದಲೇ ಕ್ಯಾಮೆರಾದ ಶಟರ್ ಕೆಟ್ಟರೆ ಹೆಚ್ಚಿನವರು ಬರೆಯುವುದು ಇಷ್ಟೇ: "ಕ್ಯಾಮೆರಾ ಸರಿಯಿಲ್ಲ, ಬದಲಾಯಿಸಿ ಕೊಡಿ." ಇದಕ್ಕೆ ಅಂಗಡಿಯವರಲ್ಲಿ ಉತ್ತರ ಸಿದ್ಧವಿರುತ್ತದೆ. ನಿಮಗೆ ಬಳಸಲು ಬಂದಿಲ್ಲ, ಇಲ್ಲವೇ ಬೀಳಿಸಿದ್ದೀರಿ. ಪತ್ರ ಈ ಎರಡು ಮಾತಿಗೂ ಜಾಗ ಕೊಡಬಾರದು.

ಸೆನ್ಸರ್ ಮುಂದೆ ಎರಡು ತೆಳು ಪರದೆಗಳಿವೆ. ಮೊದಲನೆಯದು ಸರಿದು ಬೆಳಕು ಬಿಡುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. 1/60 ಸೆಕೆಂಡಿನಲ್ಲಿ ಸೆನ್ಸರ್ ಒಮ್ಮೆ ಪೂರ್ತಿ ತೆರೆದುಕೊಳ್ಳುತ್ತದೆ. 1/4000ರಲ್ಲಿ ಪರದೆಗಳ ನಡುವಿನ ಕಿರಿದಾದ ಸೀಳು ಮಾತ್ರ ಓಡುತ್ತದೆ. ಆಗ ಮೊದಲ ಪರದೆ ತುಸು ನಿಧಾನವಾದರೂ ಎರಡನೆಯದು ಅದನ್ನು ಹಿಡಿದುಬಿಡುತ್ತದೆ, ಚಿತ್ರದ ಒಂದಂಚಿನಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಮನೆಯೊಳಗಿನ ಚಿತ್ರಗಳು ಚೆನ್ನಾಗಿದ್ದು ಬಿಸಿಲಿನವು ಮಾತ್ರ ಹಾಳಾಗುವುದು ಇದರಿಂದಲೇ.

ಆದರೆ ಕೆಟ್ಟಿಲ್ಲದ ಕ್ಯಾಮೆರಾದಲ್ಲೂ ಪಟ್ಟಿ ಬರಬಹುದು. ಸಾಮಾನ್ಯವಾಗಿ 1/200 ಅಥವಾ 1/250ಕ್ಕಿಂತ ವೇಗದಲ್ಲಿ ಫ್ಲ್ಯಾಶ್ ಹಾಕಿದರೆ ಬರುತ್ತದೆ, ಕೆಲವು ಎಲ್‌ಇಡಿ ದೀಪಗಳ ಕೆಳಗೂ ಬರುತ್ತದೆ. ಹಾಗಾಗಿ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಆರಿಸಿ, ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್‌ನಲ್ಲಿ ಬಿಳಿ ಗೋಡೆಯ ಚಿತ್ರ ತೆಗೆಯಿರಿ. ವೇಗ ಹೆಚ್ಚಿಸಿದಂತೆ ಐಎಸ್‌ಒ ಏರಿಸುತ್ತ ಬೆಳಕನ್ನು ಒಂದೇ ಮಟ್ಟದಲ್ಲಿಡಿ.

ಪತ್ರದ ಒಡಲು ಹೀಗಿದ್ದರೆ ಸಾಕು:

"ಮಾನ್ಯರೇ, 2025ರ ಜನವರಿ 12ರಂದು ನಿಮ್ಮಲ್ಲಿ ಕೊಂಡ ಕ್ಯಾಮೆರಾಕ್ಕೆ ಎರಡು ವರ್ಷದ ವಾರಂಟಿ ಇದೆ. ಬಿಲ್ ಮತ್ತು ಸೀರಿಯಲ್ ನಂಬರಿನ ಫೋಟೊ ಲಗತ್ತಿಸಿದ್ದೇನೆ. ಸೆಪ್ಟೆಂಬರ್ ಮೊದಲ ವಾರದಿಂದ 1/1000 ಮತ್ತು ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಚಿತ್ರದ ಮೇಲಂಚು ಕಪ್ಪಾಗುತ್ತಿದೆ. 1/60ರಲ್ಲಿ ತೊಂದರೆಯಿಲ್ಲ. ಎರಡು ಲೆನ್ಸ್‌ಗಳಲ್ಲಿ, ಫ್ಲ್ಯಾಶ್ ಇಲ್ಲದೆ ಪರೀಕ್ಷಿಸಿದ ಮೂಲ ಫೈಲ್‌ಗಳನ್ನು ಕಳಿಸಿದ್ದೇನೆ. ಕ್ಯಾಮೆರಾ ಬಿದ್ದಿಲ್ಲ, ನೀರು ತಾಗಿಲ್ಲ. 15 ದಿನದೊಳಗೆ ಉಚಿತವಾಗಿ ಶಟರ್ ಬದಲಿಸಿಕೊಡಿ, ಆಗದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ."

ಎರಡು ಲೆನ್ಸ್‌ಗಳ ಮಾತು ಇಲ್ಲಿ ಬಹಳ ಮುಖ್ಯ, ದೋಷ ಲೆನ್ಸಿನದು ಎಂಬ ವಾದ ಅಲ್ಲಿಗೇ ನಿಲ್ಲುತ್ತದೆ. ಫೈಲ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊಗಳಾಗಿ ಕಳಿಸಬೇಡಿ, ಶಟರ್ ವೇಗ ಮತ್ತು ದಿನಾಂಕದ ಮಾಹಿತಿ ಅಳಿಸಿಹೋಗುತ್ತದೆ.

ನಿಜವಾದ ಜಗಳ ಶುರುವಾಗುವುದು ಸರ್ವಿಸ್ ಸೆಂಟರಿನಲ್ಲಿ. ಪರದೆಯ ತಗಡು ಬಾಗಿದ್ದರೆ ಬೆರಳು ತಾಗಿದೆ, ಇದಕ್ಕೆ ವಾರಂಟಿ ಬರುವುದಿಲ್ಲ ಎನ್ನುತ್ತಾರೆ. ಆದ್ದರಿಂದ ಒಪ್ಪಿಸುವ ಮೊದಲು ಲೆನ್ಸ್ ಬಿಚ್ಚಿ, ಒಳಭಾಗದ ಮತ್ತು ಹೊರಮೈಯ ಫೋಟೊ ತೆಗೆದಿಟ್ಟುಕೊಳ್ಳಿ. ಜಾಬ್ ಶೀಟಿನಲ್ಲಿ "ಹೊರಗೆ ಪೆಟ್ಟಿನ ಗುರುತಿಲ್ಲ" ಎಂದು ಬರೆಸದೆ ಕ್ಯಾಮೆರಾ ಕೈಬಿಡಬೇಡಿ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ದೋಷವೇನೆಂಬ ಬಗ್ಗೆ ತಕರಾರು ಎದ್ದರೆ ಆಯೋಗ ಕ್ಯಾಮೆರಾವನ್ನು ಪ್ರಯೋಗಾಲಯಕ್ಕೆ ಕಳಿಸಬಲ್ಲದು. ದೂರಿಗೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷದ ಗಡುವಿದೆ. ಸೆಪ್ಟೆಂಬರ್ ಎಂದು ಪತ್ರದಲ್ಲಿ ಬರೆದದ್ದು ಆ ಲೆಕ್ಕಕ್ಕೂ ಬೇಕಾಗುತ್ತದೆ.