ಖಾಲಿ ಚಾರ್ಜರ್ ಎಷ್ಟು ಕರೆಂಟ್ ಎಳೆಯುತ್ತೆ?

ಡಿಸೆಂಬರ್ ರಜೆಗೆ ಅಂತ ಬೆಂಗಳೂರಿಗೆ ಹೋಗಿ 24 ದಿನ ಬಿಟ್ಟು ವಾಪಸ್ ಬಂದಾಗ, ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಬಿಟ್ಟುಹೋಗಿದ್ದ ನಮ್ಮ ಸೆಕೆಂಡ್ ಹ್ಯಾಂಡ್ ಕಾರು ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ಟಿಕ್ ಟಿಕ್ ಟಿಕ್ ಅಂತ ಸದ್ದು, ಅಷ್ಟೇ. ಡ್ಯಾಶ್‌ಬೋರ್ಡ್ ದೀಪಗಳು ಮಂಕಾಗಿ ಮಿನುಗಿ ಆರಿಹೋದವು. ರೂಮ್‌ಮೇಟ್ ಚಳಿಯನ್ನು ಬೈದ. ನಾನು ಕಾರು ಮಾರಿದವನನ್ನು ಬೈದೆ. ಆಮೇಲೆ ಕಣ್ಣಿಗೆ ಬಿದ್ದಿದ್ದು ಗೇರ್ ಪಕ್ಕದ 12 ವೋಲ್ಟ್ ಸಾಕೆಟ್‌ನಲ್ಲಿ ಹಾಗೇ ಕೂತಿದ್ದ ಚಾರ್ಜರ್. ಅದಕ್ಕೆ ಫೋನೂ ಇಲ್ಲ, ಕೇಬಲ್ಲೂ ಇಲ್ಲ. "ಖಾಲಿ ಚಾರ್ಜರ್ ಏನು ಮಹಾ ಕರೆಂಟ್ ಎಳೆಯುತ್ತೆ ಮಾರಾಯ" ಅಂದ ಅವನು. ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಲ್ಯಾಬಿಗೆ ತಗೊಂಡು ಹೋಗಿ 12 ವೋಲ್ಟ್ ಸಪ್ಲೈಗೆ ಸಿಕ್ಕಿಸಿ, ನಡುವೆ ಮಲ್ಟಿಮೀಟರ್ ಇಟ್ಟು ಅಳೆದೆ. 30 ಮಿಲಿಆಂಪಿಯರ್. ನೀಲಿ ದೀಪ, ವೋಲ್ಟೇಜ್ ತೋರಿಸುವ ಪುಟ್ಟ ಡಿಸ್‌ಪ್ಲೇ, ಒಳಗಿನ ಸರ್ಕ್ಯೂಟ್, ಎಲ್ಲಾ ಸೇರಿ ಅಷ್ಟು.

30 ಮಿಲಿಆಂಪಿಯರ್ ಅಂದರೆ ಏನೂ ಅಲ್ಲ ಅನ್ನಿಸುತ್ತೆ. ಆದರೆ ಬ್ಯಾಟರಿಗೆ ಮುಖ್ಯ ಎಷ್ಟು ಎಳೆದೆವು ಅನ್ನೋದಷ್ಟೇ ಅಲ್ಲ, ಎಷ್ಟು ಹೊತ್ತು ಎಳೆದೆವು ಅನ್ನೋದೂ. ದಿನಕ್ಕೆ 24 ಗಂಟೆಯಂತೆ 24 ದಿನ, ಒಟ್ಟು 576 ಗಂಟೆ. 0.03 ಆಂಪಿಯರನ್ನು 576 ಗಂಟೆಯಿಂದ ಗುಣಿಸಿದರೆ ಸುಮಾರು 17 ಆಂಪಿಯರ್-ಅವರ್. ಇನ್ನು ಕಾರು ತಾನೂ ಸುಮ್ಮನೆ ಮಲಗಿರೋದಿಲ್ಲ. ಅಲಾರ್ಮ್, ರಿಮೋಟ್ ಕೀ ರಿಸೀವರ್, ಗಡಿಯಾರ, ಇವೆಲ್ಲ ನಿಂತಲ್ಲೇ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತವೆ. ನಮ್ಮ ಕಾರಲ್ಲಿ ಅಳೆದಾಗ ಅದು 25 ಮಿಲಿಆಂಪಿಯರ್ ಇತ್ತು, ಇದು ಸಹಜ. ಅದೇ 576 ಗಂಟೆಗೆ ಅದು 14 ಚಿಲ್ಲರೆ ಆಂಪಿಯರ್-ಅವರ್. ಎರಡೂ ಸೇರಿದರೆ 32ರ ಹತ್ತಿರ.

ಬ್ಯಾಟರಿ ಮೇಲೆ ಬರೆದಿದ್ದು 45. ಆದರೆ ಅದು ಹೊಸದಿದ್ದಾಗಿನ ಲೆಕ್ಕ. ನಾಲ್ಕು ವರ್ಷ ಹಳೆಯದಕ್ಕೆ 35 ಅಂತ ಇಟ್ಟುಕೊಂಡರೆ ಉಳಿದಿದ್ದು ಬರೀ 3. ಚಾರ್ಜರ್ ಕಿತ್ತಿಟ್ಟು ಹೋಗಿದ್ದರೆ 20 ಉಳಿಯುತ್ತಿತ್ತು, ಕಾರು ಗೊಣಗಿಕೊಂಡಾದರೂ ಸ್ಟಾರ್ಟ್ ಆಗುತ್ತಿತ್ತು. ಹಾಗಾಗಿ ತಪ್ಪು ಪೂರ್ತಿ ಚಾರ್ಜರ್‌ದಲ್ಲ, ಚಳಿಯದ್ದೂ ಅಲ್ಲ. ಹಳೇ ಬ್ಯಾಟರಿ, ಚಳಿ, ಕಾರಿನ ಸ್ವಂತ ಖರ್ಚು, ಅದರ ಮೇಲೆ ಈ 17. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತೆ, ಅದೇ ಹೊತ್ತಿಗೆ ಇಂಜಿನ್ ಆಯಿಲ್ ಗಟ್ಟಿಯಾಗಿ ಸ್ಟಾರ್ಟರ್‌ಗೆ ಹೆಚ್ಚು ಬಲ ಬೇಕಾಗುತ್ತೆ. ಊರಲ್ಲಿ ಇದೇ ಕಾರು ಇದೇ ಬ್ಯಾಟರಿಯಲ್ಲಿ ಇನ್ನೂ ಕೆಲವು ದಿನ ತಡೆದುಕೊಳ್ಳುತ್ತಿತ್ತೇನೋ. ಇನ್ನೊಂದು ವಿಷಯ ನನಗೂ ಆಮೇಲೆ ಗೊತ್ತಾಗಿದ್ದು: ತುಂಬಿದ ಬ್ಯಾಟರಿ ಇಲ್ಲಿನ ಚಳಿಗೆ ಹೆಪ್ಪುಗಟ್ಟೋದಿಲ್ಲ, ಆದರೆ ಪೂರ್ತಿ ಖಾಲಿಯಾದದ್ದು ಸೊನ್ನೆಗಿಂತ ಸ್ವಲ್ಪ ಕೆಳಗೇ ಹೆಪ್ಪುಗಟ್ಟಬಹುದು. ಪಕ್ಕದ ಗೋಡೆಗಳು ಉಬ್ಬಿದ್ದರೆ ಅದಕ್ಕೆ ಜಂಪ್ ಕೇಬಲ್ ಹಾಕಲೇಬೇಡಿ, ಸಿಡಿಯುವ ಅಪಾಯ ಇದೆ. ನಮ್ಮದು ಉಬ್ಬಿರಲಿಲ್ಲ, ಜಂಪ್ ಕೊಟ್ಟು ಎಬ್ಬಿಸಿದೆವು. ಆದರೆ ಒಮ್ಮೆ ಅಷ್ಟು ಖಾಲಿಯಾಗಿ ಕೂತ ಬ್ಯಾಟರಿ ಮೊದಲಿನಂತೆ ಆಗಲಿಲ್ಲ. ಫೆಬ್ರವರಿಯಲ್ಲಿ ಹೊಸದು ತಗೊಂಡೆವು.

ಎಲ್ಲಾ ಕಾರಲ್ಲೂ ಹೀಗಾಗಲ್ಲ. ಕೆಲವು ಕಾರುಗಳಲ್ಲಿ ಕೀ ತೆಗೆದರೆ ಸಾಕೆಟ್‌ಗೂ ಕರೆಂಟ್ ನಿಲ್ಲುತ್ತೆ, ಕೆಲವದರಲ್ಲಿ ಸದಾ ಇರುತ್ತೆ. ಒಂದೇ ಕಾರಿನಲ್ಲಿ ಮುಂದಿನ ಸಾಕೆಟ್ ಒಂದು ಥರ, ಡಿಕ್ಕಿಯದ್ದು ಇನ್ನೊಂದು ಥರ ಇರೋದೂ ಉಂಟು. ಕಂಡುಹಿಡಿಯೋದು ಸುಲಭ: ದೀಪ ಇರುವ ಚಾರ್ಜರ್ ಹಾಕಿ, ಇಂಜಿನ್ ಆಫ್ ಮಾಡಿ, ಇಳಿದು ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು ಕಿಟಕಿಯಿಂದ ಇಣುಕಿ ನೋಡಿ. ತಕ್ಷಣ ನೋಡಿದರೆ ಮೋಸ ಹೋಗ್ತೀರ, ಏಕೆಂದರೆ ಕೆಲವು ಕಾರುಗಳು ಆಫ್ ಆದ ಮೇಲೂ ಒಂದಷ್ಟು ನಿಮಿಷ ಕರೆಂಟ್ ಕೊಡುತ್ತಲೇ ಇರುತ್ತವೆ. ಅರ್ಧ ಗಂಟೆ ನಂತರವೂ ದೀಪ ಉರಿಯುತ್ತಿದ್ದರೆ ಇಳಿಯುವಾಗಲೆಲ್ಲ ಚಾರ್ಜರ್ ಕೀಳೋದು ಅಭ್ಯಾಸ ಮಾಡಿಕೊಳ್ಳಿ.

ದಿನಾ ಓಡಿಸುವವರಿಗೆ ಖಾಲಿ ಚಾರ್ಜರ್ ಚಿಂತೆಯೇ ಅಲ್ಲ, ರಾತ್ರಿಗೆ ಅರ್ಧ ಆಂಪಿಯರ್-ಅವರ್ ಕೂಡ ಹೋಗಲ್ಲ. ಅವರು ನೋಡಬೇಕಾದ್ದು ಲ್ಯಾಪ್‌ಟಾಪ್. ಇಂಜಿನ್ ಆಫ್ ಮಾಡಿ ಪಾರ್ಕಿಂಗ್‌ನಲ್ಲಿ ಕೂತು 60 ವ್ಯಾಟ್‌ನಲ್ಲಿ ಚಾರ್ಜ್ ಮಾಡಿದರೆ, ಚಾರ್ಜರ್‌ನ ನಷ್ಟವೂ ಸೇರಿ ಬ್ಯಾಟರಿಯಿಂದ ಐದೂವರೆ ಆಂಪಿಯರ್ ಹೋಗುತ್ತೆ. ಮೂರು ಗಂಟೆಗೆ 16 ದಾಟಿತು, ಅಂದರೆ ನಮ್ಮ ಖಾಲಿ ಚಾರ್ಜರ್ ಮೂರು ವಾರದಲ್ಲಿ ಮಾಡಿದ ಕೆಲಸ. ಆಮೇಲೆ ಹತ್ತು ನಿಮಿಷ ಗ್ರಾಸರಿಗೆ ಹೋಗಿ ಬಂದರೆ ಅದು ವಾಪಸ್ ತುಂಬೋದಿಲ್ಲ, ಗಂಟೆಗಟ್ಟಲೆ ಓಡಿಸಬೇಕು. ಹಾಗಂತ ಮುಚ್ಚಿದ ಗರಾಜ್‌ನಲ್ಲಿ, ಅಥವಾ ಸೈಲೆನ್ಸರ್ ಬಾಯಿ ಹಿಮದಲ್ಲಿ ಹೂತಿರುವಾಗ ಇಂಜಿನ್ ಆನ್ ಇಟ್ಟು ಚಾರ್ಜ್ ಮಾಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತೆ.

ಇನ್ನು ಚಾರ್ಜರ್ ವಿಷಯ. ಲ್ಯಾಬಿಗೆ ಹೋಗಿದ್ದೆನಲ್ಲ, ಗ್ಯಾಸ್ ಸ್ಟೇಷನ್ ಕೌಂಟರಲ್ಲಿ ಸಿಕ್ಕಿದ್ದ ಅಗ್ಗದ ಇನ್ನೊಂದು ಚಾರ್ಜರನ್ನೂ ಬಿಚ್ಚಿ ನೋಡಿದೆ. ತುದಿಯಲ್ಲಿ ಫ್ಯೂಸ್ ಇರಬೇಕಾದ ಜಾಗದಲ್ಲಿ ಬರೀ ಸ್ಪ್ರಿಂಗ್. ಕಾರಿಗೂ ಸಾಕೆಟ್ ಫ್ಯೂಸ್ ಇರುತ್ತೆ ನಿಜ, ಆದರೆ ಅದು ಸಾಮಾನ್ಯವಾಗಿ 10ರಿಂದ 20 ಆಂಪಿಯರ್‌ದು, ಕಾರಿನ ವೈರ್ ಉಳಿಸೋಕೆ ಇರೋದು. ಚಾರ್ಜರ್ ಒಳಗೆ 8 ಆಂಪಿಯರ್ ಹರಿದು ಪ್ಲಾಸ್ಟಿಕ್ ಕರಗುತ್ತಿದ್ದರೂ ಅದು ಕಣ್ಣು ಬಿಡಲ್ಲ.

ಎರಡನೆಯದು ಬಿಸಿ. 5 ವೋಲ್ಟ್, 3 ಆಂಪಿಯರ್ ಅಂದರೆ 15 ವ್ಯಾಟ್. ಚಾರ್ಜರ್ ದಕ್ಷತೆ ಶೇಕಡ 75 ಇದ್ದರೆ 15 ಕೊಡೋಕೆ 20 ಎಳೆದು, 5 ವ್ಯಾಟನ್ನು ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಒಳಗೇ ಬಿಸಿಯಾಗಿ ಬಿಡುತ್ತೆ. ಶೇಕಡ 92 ಇದ್ದರೆ ಬಿಡೋದು ಒಂದು ವ್ಯಾಟ್ ಚಿಲ್ಲರೆ. ಬಾಕ್ಸ್ ಮೇಲೆ ಎರಡರದ್ದೂ ಒಂದೇ ಸಂಖ್ಯೆ! ಹಾಗೆ ಬೇಯುತ್ತಾ ಬೇಯುತ್ತಾ ಒಳಗಿನ ಸ್ವಿಚ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಸತ್ತರೆ, ಬೇರೆ ರಕ್ಷಣೆ ಇಲ್ಲದ ಚಾರ್ಜರ್‌ನಲ್ಲಿ ಕಾರಿನ 14 ವೋಲ್ಟ್ ನೇರವಾಗಿ ಫೋನಿಗೆ.

ಅಂಗಡಿಯಲ್ಲಿ ಬಿಚ್ಚಿ ನೋಡೋಕಾಗಲ್ಲ. ಲೇಬಲ್ ಓದಬಹುದು. ಒಳ್ಳೆಯದರಲ್ಲಿ ಇನ್‌ಪುಟ್ 12ರಿಂದ 24 ವೋಲ್ಟ್ ಅಂತಲೂ, ಔಟ್‌ಪುಟ್ ಪ್ರತಿ ಪೋರ್ಟ್‌ಗೆ ಬೇರೆ ಬೇರೆಯಾಗಿ, 5 ವೋಲ್ಟ್‌ಗೆ ಎಷ್ಟು, 9 ವೋಲ್ಟ್‌ಗೆ ಎಷ್ಟು ಅಂತಲೂ, ಎರಡೂ ಪೋರ್ಟ್ ಬಳಸಿದರೆ ಒಟ್ಟು ಎಷ್ಟು ಅಂತಲೂ ಇರುತ್ತೆ. ಬರೀ ದಪ್ಪ ಅಕ್ಷರದಲ್ಲಿ "ಸೂಪರ್ ಫಾಸ್ಟ್" ಅಂತಿದ್ದರೆ ಅಲ್ಲೇ ಬಿಟ್ಟುಬಿಡಿ. ಎಫ್‌ಸಿಸಿ ಗುರುತು ನೋಡಿ ನಾನು ಮೊದಲು ಸಮಾಧಾನ ಪಡ್ತಿದ್ದೆ, ಆದರೆ ಅದು ರೇಡಿಯೋಗೆ ತೊಂದರೆ ಕೊಡಲ್ಲ ಅನ್ನೋದಕ್ಕೆ, ಬೆಂಕಿಗೆ ಸಂಬಂಧ ಇಲ್ಲ. ಸುರಕ್ಷತೆಗೆ ನೋಡಬೇಕಾದ್ದು ಯುಎಲ್ ಅಥವಾ ಇಟಿಎಲ್ ಗುರುತು.

ಮನೆಗೆ ತಂದ ಮೇಲೆ ಮಾಡುವ ಪರೀಕ್ಷೆಗಳು ಇನ್ನೂ ಉಪಯೋಗ. ಎಫ್‌ಎಂ ರೇಡಿಯೋವನ್ನು ಸ್ವಲ್ಪ ಕ್ಷೀಣವಾಗಿ ಬರುವ ಸ್ಟೇಷನ್‌ಗೆ ಹಾಕಿ, ಫೋನ್ ಸಿಕ್ಕಿಸಿ. ಸಿಕ್ಕಿಸಿದ ತಕ್ಷಣ ಕರಕರ ಶುರುವಾದರೆ ಒಳಗೆ ಫಿಲ್ಟರ್ ಭಾಗಗಳನ್ನು ಉಳಿಸಿದ್ದಾರೆ ಅಂತ ಲೆಕ್ಕ, ಹಾಗಿದ್ದರೆ ಇನ್ನೇನೇನು ಉಳಿಸಿದ್ದಾರೋ. ಇಪ್ಪತ್ತು ನಿಮಿಷ ಚಾರ್ಜ್ ಮಾಡಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಐದು ಸೆಕೆಂಡ್ ಬೆರಳು ಇಡೋಕಾಗದಿದ್ದರೆ ವಾಪಸ್ ಕೊಡಿ. ಸಾಕೆಟ್‌ನಲ್ಲಿ ಅಲ್ಲಾಡುತ್ತಿದ್ದರೆ ಚಾರ್ಜರ್ ಎಷ್ಟೇ ಒಳ್ಳೆಯದಾದರೂ ಪ್ರಯೋಜನ ಇಲ್ಲ, ಸಡಿಲ ಸಂಪರ್ಕದಲ್ಲಿ ಕಿಡಿ ಹಾರಿ ತುದಿ ಕಪ್ಪಾಗುತ್ತೆ. ಸಾಕೆಟ್ ಪೂರ್ತಿ ಸತ್ತಿದ್ದರೆ ಹೊಸ ಚಾರ್ಜರ್ ತರೋಕೆ ಮುಂಚೆ ಟಾರ್ಚ್ ಹಾಕಿ ಒಳಗೆ ನೋಡಿ. ನಮ್ಮದರಲ್ಲಿ ಒಂದು ಡೈಮ್ ನಾಣ್ಯ ಬಿದ್ದು ಫ್ಯೂಸ್ ಹೋಗಿತ್ತು.

ಈಗ ನಮ್ಮ ಚಾರ್ಜರ್‌ನಲ್ಲೂ ವೋಲ್ಟೇಜ್ ಡಿಸ್‌ಪ್ಲೇ ಇದೆ, ಬೇಕಂತಲೇ ತಗೊಂಡಿದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ 12.6ರ ಹತ್ತಿರ ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಆವತ್ತು ಕ್ಲಾಸಿಗೆ ಬಸ್ಸಲ್ಲಿ ಹೋಗೋ ಪ್ಲಾನೂ ಇಟ್ಟುಕೊಳ್ಳೋದು ವಾಸಿ. ಇಂಜಿನ್ ಓಡುವಾಗ 13.5 ದಾಟದಿದ್ದರೆ ಆಲ್ಟರ್‌ನೇಟರ್ ತೋರಿಸಿಕೊಳ್ಳಬೇಕು. ಈ ಸಲ ಊರಿಗೆ ಹೋಗುವಾಗ ಆ ಚಾರ್ಜರ್ ಡಿಸ್‌ಪ್ಲೇ ಸಮೇತ ರೂಮಿನ ಡ್ರಾಯರ್ ಒಳಗಿತ್ತು.