ಕೋಪದ ಕರೆಗೆ ಮೊದಲ ಮಾತು

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಕೊಳವೆಬಾವಿಯನ್ನು ನಂಬಿ ಅರಿಶಿನ, ಬಾಳೆ ಬೆಳೆಯುವ ರೈತನಿಗೆ ಪರಿವರ್ತಕ ಸುಟ್ಟಿತೆಂದರೆ ಬೆಳೆಯ ಜೀವವೇ ಹೋದಂತೆ. ಆತ ವಿದ್ಯುತ್ ಕಚೇರಿಗೆ ದೂರವಾಣಿ ಮಾಡಿದಾಗ ನಡೆಯಬಹುದಾದ ಮಾತನ್ನು ಕಲ್ಪಿಸಿಕೊಳ್ಳೋಣ.

“ಏನ್ ಸ್ವಾಮಿ, ಟಿ.ಸಿ. ಸುಟ್ಟು ಮೂರು ದಿವ್ಸ ಆಯ್ತು. ಅರಿಶಿನ ಒಣಗ್ತಾ ಅದೆ. ನೀವು ಕುರ್ಚಿ ಬಿಸಿ ಮಾಡ್ತಾ ಕೂತಿದ್ದೀರಾ?”

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರಗಳು ಎರಡು. “ಮೊದಲು ಮರ್ಯಾದೆಯಿಂದ ಮಾತಾಡಿ” ಎಂಬುದು ಒಂದು, “ಆರ್.ಆರ್. ನಂಬರ್ ಹೇಳಿ” ಎಂಬುದು ಇನ್ನೊಂದು. ಮೊದಲನೆಯದು ಜಗಳವನ್ನು ಟಿ.ಸಿ.ಯಿಂದ ಮರ್ಯಾದೆಯ ಕಡೆಗೆ ತಿರುಗಿಸುತ್ತದೆ. ಎರಡನೆಯದು ಅವಶ್ಯವಾದ ಪ್ರಶ್ನೆಯೇ ಹೌದು. ಆದರೆ ಕೆಲಸದ ಭರವಸೆಗೆ ಮುಂಚೆ ಬಂದ ಪ್ರಶ್ನೆ, ನೊಂದವನ ಕಿವಿಗೆ ಅಪನಂಬಿಕೆಯಾಗಿಯೇ ಕೇಳಿಸುತ್ತದೆ.

ಇದರ ಪರಿಣಾಮ ಎಷ್ಟು ಘೋರವಾಗಬಲ್ಲುದೆಂಬುದಕ್ಕೆ ದೂರದ ನಿದರ್ಶನವೊಂದಿದೆ. 1984ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಒಬ್ಬಾತ, ಉಸಿರಾಟದ ತೊಂದರೆಯಲ್ಲಿದ್ದ ತನ್ನ ಮಲತಾಯಿಗಾಗಿ ಆಂಬುಲೆನ್ಸ್ ಕೇಳಿದ. ಕರೆ ಸ್ವೀಕರಿಸಿದ ದಾದಿ ಪ್ರಶ್ನೆಗಳನ್ನು ಕೇಳಿದಳು. ಆತ ರೇಗಿ ಬೈದ. ಆಕೆ ಬೈಗುಳಕ್ಕೆ ಆಕ್ಷೇಪವೆತ್ತಿದಳು. ಮಾತು ವಾದವಾಯಿತು, ಆಂಬುಲೆನ್ಸ್ ತಡವಾಯಿತು, ಆ ತಾಯಿ ತೀರಿಕೊಂಡರು. ಆ ಸಂಭಾಷಣೆಯನ್ನು ಸಾಲುಸಾಲಾಗಿ ಪರಿಶೀಲಿಸಿದ ಸಮಾಜಶಾಸ್ತ್ರಜ್ಞರ ಲೇಖನ 1988ರಲ್ಲಿ ಪ್ರಕಟವಾಯಿತು. ಒಬ್ಬರಿಗೆ ವಿಚಾರಣೆಯೆನಿಸಿದ್ದು ಇನ್ನೊಬ್ಬರಿಗೆ ಅಡ್ಡಿಯೆನಿಸಿತ್ತು.

ಹಾಗಾದರೆ ನಮ್ಮ ರೈತನಿಗೆ ಏನು ಹೇಳಬೇಕು? ಆತನ ಮೊದಲ ಮಾತು ಮುಗಿಯುವವರೆಗೆ ನಡುವೆ ಬಾಯಿ ಹಾಕಬಾರದು. ಅನಂತರ ಬೈಗುಳವನ್ನು ಬಿಟ್ಟು, ಆತನೇ ಹೇಳಿದ ಸಂಗತಿಯನ್ನು ಆತನ ಪದಗಳಲ್ಲೇ ಹಿಂದಿರುಗಿಸಬೇಕು: “ಯಜಮಾನರೇ, ಮೂರು ದಿವಸದಿಂದ ನೀರಿಲ್ಲ, ಅರಿಶಿನ ಒಣಗುತ್ತಿದೆ. ದೂರು ಈಗಲೇ ಬರೆದುಕೊಳ್ಳುತ್ತೇನೆ. ಯಾವ ಟಿ.ಸಿ. ಎಂದು ತಿಳಿಯಲು ನಿಮ್ಮ ಆರ್.ಆರ್. ನಂಬರ್ ಬೇಕು.” ಇಲ್ಲಿ ಪ್ರಶ್ನೆ ಅದೇ, ಆದರೆ ಅದಕ್ಕೆ ಮುಂಚೆ ಕೆಲಸವೂ ಜೊತೆಗೆ ಕಾರಣವೂ ಬಂದಿವೆ. “ನಿಮ್ಮ ಕಷ್ಟ ಅರ್ಥವಾಗುತ್ತದೆ” ಎಂದಷ್ಟೇ ಅಂದರೆ ಸಾಲದು. ಯಾವ ಕಷ್ಟವೆಂದು ಹೆಸರಿಸದಿದ್ದರೆ ಅದು ಬಾಯಿಪಾಠವೆನಿಸುತ್ತದೆ.

ಮಾತು ತಾಗಿತೇ ಇಲ್ಲವೇ ಎಂದು ತಿಳಿಯುವುದು ಕಷ್ಟವಲ್ಲ. ಆತ ಊರು, ಹೊಲ, ಸುಟ್ಟ ಹೊತ್ತು ಎಂದು ಹೊಸ ವಿವರ ಕೊಡತೊಡಗಿದರೆ ಕೋಪ ಇಳಿಯುತ್ತಿದೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರೆ, ತನ್ನ ಮಾತು ಇನ್ನೂ ಯಾರಿಗೂ ಕೇಳಿಲ್ಲವೆಂದೇ ಆತನ ಭಾವನೆ.

ಮೊದಲ ವಾಕ್ಯಕ್ಕೆ ಒಂದು ಮಿತಿಯೂ ಇದೆ. “ನಾಳೆಯೇ ಹಾಕಿಸುತ್ತೇವೆ” ಎಂಬ ಸುಳ್ಳು ಭರವಸೆ ಇಂದಿನ ಕೋಪವನ್ನು ತಣಿಸಿ ನಾಡಿದ್ದಿನ ಕೋಪವನ್ನು ಇಮ್ಮಡಿಗೊಳಿಸುತ್ತದೆ. “ಟಿ.ಸಿ. ಎಂದು ಬರುವುದೆಂದು ಈಗ ಹೇಳಲಾರೆ, ವಿಚಾರಿಸಿ ಸಂಜೆ ಐದಕ್ಕೆ ನಾನೇ ಕರೆ ಮಾಡುತ್ತೇನೆ” ಎಂದು ಹೇಳಿ, ಐದಕ್ಕೆ ಸರಿಯಾಗಿ ಕರೆ ಮಾಡಬೇಕು. ಸುದ್ದಿ ಏನೂ ಇಲ್ಲದಿದ್ದರೂ ಮಾಡಬೇಕು.