ಸ್ಕೂಟರಿನ ವಿಮೆ: ಒಪ್ಪಿಗೆಗೆ ರುಜು ಹಾಕುವ ಮುನ್ನ

ನಮ್ಮ ಸದಸ್ಯರೊಬ್ಬರ ಅಳಿಯ ಕಲಬುರಗಿಯಲ್ಲಿದ್ದಾರೆ. ಶರಣಬಸವೇಶ್ವರ ದೇವಸ್ಥಾನದ ಬಳಿ ಅವರ ಸ್ಕೂಟರಿಗೆ ಟೆಂಪೋ ಬಡಿಯಿತು. ಪುಣ್ಯಕ್ಕೆ ಅವರಿಗೆ ಏನೂ ಆಗಲಿಲ್ಲ. ರಿಪೇರಿ ಬಿಲ್ಲು 13,500 ರೂಪಾಯಿ. ವಿಮಾ ಕಂಪೆನಿ ಕೊಡುತ್ತೇವೆಂದದ್ದು 7,900. ಮಾವನವರು ಕಾಗದಗಳನ್ನು ನಮ್ಮಲ್ಲಿಗೆ ತಂದರು.

ಮೊದಲು ಸರ್ವೇಯರರ ವರದಿಯ ಪ್ರತಿ ಕೇಳಿ ತರಿಸಿದೆವು. ತಪ್ಪು ಅಲ್ಲೇ ಇತ್ತು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿಯೆಂದು ಅರ್ಧ ಬೆಲೆ ಕಳೆಯುತ್ತಾರೆ. ಲೋಹದ ಭಾಗಗಳಿಗೆ ಹಾಗಲ್ಲ, ವಾಹನದ ವಯಸ್ಸು ನೋಡಬೇಕು: ಎರಡು ದಾಟಿ ಮೂರು ವರ್ಷದೊಳಗಿದ್ದರೆ ಶೇಕಡಾ 15 ಮಾತ್ರ. ಈ ಸ್ಕೂಟರಿಗೆ ಎರಡೂಕಾಲು ವರ್ಷ. ಆದರೂ ಫೋರ್ಕು, ಚಕ್ರದ ರಿಮ್ಮಿಗೂ ಅರ್ಧ ಕಳೆದಿದ್ದರು!

ಆದ್ದರಿಂದ ಪತ್ರದಲ್ಲಿ ಅಂಗಲಾಚದೆ ಲೆಕ್ಕವನ್ನೇ ಬರೆಸಿದೆವು. ಲೋಹದ ಭಾಗ 8,000. ಶೇಕಡಾ 15 ಕಳೆದು 6,800. ಪ್ಲಾಸ್ಟಿಕ್ 3,000, ಅರ್ಧ ಕಳೆದು 1,500. ಕೂಲಿ 2,500, ಇದಕ್ಕೆ ಸವಕಳಿಯಿಲ್ಲ. ಒಟ್ಟು 10,800ರಲ್ಲಿ ಮಾಲೀಕನೇ ಹೊರಬೇಕಾದ 100 ಕಳೆದರೆ 10,700. ಬಾಕಿ 2,800 ಕೊಡಿರೆಂದು, ಪಾಲಿಸಿ ಮತ್ತು ಕ್ಲೇಮು ನಂಬರು, ಬಿಲ್ಲಿನ ಪ್ರತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಂಪೆನಿಯ ದೂರು ವಿಭಾಗಕ್ಕೆ ಕಳಿಸಿದರು. ಪೂರ್ತಿ 13,500 ಕೇಳಿದ್ದರೆ ಪತ್ರಕ್ಕೆ ಬೆಲೆಯಿರುತ್ತಿರಲಿಲ್ಲ.

“ಪೂರ್ಣ ಮತ್ತು ಅಂತಿಮ” ಎಂಬ ರಸೀತಿಗೆ ಅಳಿಯ ಆಗಲೇ ರುಜು ಹಾಕಿರಲಿಲ್ಲ, ಅದೇ ಉಳಿಸಿತು. ಹಾಕಿದ ಮೇಲೆ ತಕರಾರು ನಿಲ್ಲುವುದು ಕಷ್ಟ.

ತಿಂಗಳೊಳಗೆ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು, ಶುಲ್ಕವಿಲ್ಲ. ಇವರಿಗೆ ಅದು ಬೇಕಾಗಲಿಲ್ಲ. ಮೂರನೆಯ ವಾರ 2,800 ಬಂತು.